ಮಾರ್ಜಿನ್ ಜಾಸ್ತಿ ಇರುವ ಪೆನ್ನೇ ಪಟ್ಟಿಯಿಂದ ಹೋಗಬೇಕಾಗಬಹುದು

ಪ್ರಶ್ನೆ: ನಮ್ಮದು ಸ್ಟೇಷನರಿ ಹೋಲ್‌ಸೇಲ್. ಪಟ್ಟಿ ಬೆಳೆದು ಬೆಳೆದು 2,300 ಐಟಂ ಆಗಿದೆ. ಗೋಡೌನ್ ತುಂಬಿ ತುಳುಕುತ್ತಿದೆ, ಆದರೂ ಗಿರಾಕಿ ಕೇಳಿದ ಮಾಲು ಆ ಹೊತ್ತಿಗೆ ಇರಲ್ಲ. ಲೆಕ್ಕ ನೋಡುವವರು ಮಾರ್ಜಿನ್ ಕಡಿಮೆ ಇರೋದನ್ನೆಲ್ಲ ತೆಗೆದುಬಿಡಿ ಅಂತಾರೆ. ಆರ್ಡರ್ ತರುವ ಹುಡುಗರು ಒಂದನ್ನೂ ಮುಟ್ಟಬೇಡಿ ಅಂತಾರೆ. ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ?

ಉತ್ತರ:

ಲೆಕ್ಕದವರ ಮಾತು ಕೇಳಿದರೆ ಮೊದಲು ಹೋಗುವುದು ನೀಲಿ ಪೆನ್ನು, ಎ4 ಕಾಗದ, ಸಾದಾ ನೋಟ್‌ಬುಕ್. ಅಂದರೆ ಗಿರಾಕಿ ನಿಮಗೆ ಫೋನ್ ಮಾಡುವುದೇ ಯಾವುದಕ್ಕೋ ಆ ಮಾಲು. ಹುಡುಗರ ಮಾತು ಕೇಳಿದರೆ ಏನೂ ಬದಲಾಗುವುದಿಲ್ಲ. ಇಬ್ಬರೂ ಅರ್ಧ ಲೆಕ್ಕ ಹೇಳುತ್ತಿದ್ದಾರೆ. ಒಂದು ಐಟಂ ಮಾರಿದಾಗ ಕೈಯಲ್ಲಿ ನಿಜವಾಗಿ ಎಷ್ಟು ಉಳಿಯುತ್ತದೆ, ಅದು ಎಷ್ಟು ಬೇಗ ಓಡುತ್ತದೆ, ಈ ಎರಡನ್ನೂ ಒಟ್ಟಿಗೆ ನೋಡಬೇಕು. ಮೊದಲನೆಯದಕ್ಕೆ ಕಾಂಟ್ರಿಬ್ಯೂಷನ್ ಮಾರ್ಜಿನ್ ಅಂತಾರೆ. ನಾನು ಇಲ್ಲಿ ಅದನ್ನು ಉಳಿಕೆ ಅಂತ ಕರೆಯುತ್ತೇನೆ. ಎರಡನೆಯದನ್ನು ಓಟ ಅನ್ನೋಣ.

ಒಂದೇ ಸಲ 2,300 ಐಟಂ ಹಿಡಿದು ಕೂರಬೇಡಿ. ಒಂದು ಗುಂಪು ಆರಿಸಿಕೊಳ್ಳಿ. ನಾನು ಯಾವಾಗಲೂ ಜೆಲ್ ಪೆನ್ನಿನಿಂದ ಶುರು ಮಾಡಿಸುತ್ತೇನೆ. ಬಣ್ಣ, ಮೊನೆ, ಬ್ರ್ಯಾಂಡ್, ಪ್ಯಾಕಿಂಗ್ ಅಂತ ಕವಲು ಒಡೆದು ಒಡೆದು ಅತಿ ಹೆಚ್ಚು ಕಸ ಸೇರುವುದು ಅಲ್ಲೇ. ಇಲ್ಲೂ ಅದನ್ನೇ ತೆಗೆದುಕೊಳ್ಳೋಣ. ಅಂಕಿಗಳು ಲೆಕ್ಕ ತೋರಿಸಲು ನಾನು ಹಾಕಿದವು, ನಿಮ್ಮ ಬಿಲ್ಲಿನಿಂದ ನಿಮ್ಮವನ್ನು ಹಾಕಿಕೊಳ್ಳಿ.

ನೀಲಿ ಜೆಲ್ ಪೆನ್ನಿನ ಒಂದು ಬಾಕ್ಸ್ 104ಕ್ಕೆ ಕೊಂಡು 120ಕ್ಕೆ ಮಾರುತ್ತೀರಿ. ಮೇಲುನೋಟಕ್ಕೆ 16 ಲಾಭ, ಅಂದರೆ ನೂರಕ್ಕೆ 13 ಚಿಲ್ಲರೆ. ಪಕ್ಕದಲ್ಲೇ ಮಿನುಗುವ ನೇರಳೆ ಜೆಲ್ ಪೆನ್ನಿದೆ. ಅದನ್ನು 105ಕ್ಕೆ ಕೊಂಡು 150ಕ್ಕೆ ಮಾರುತ್ತೀರಿ. ಲಾಭ 45, ನೂರಕ್ಕೆ 30. ಮಾರ್ಜಿನ್ ಪಟ್ಟಿಯಲ್ಲಿ ನೇರಳೆ ಮೇಲೆ, ನೀಲಿ ಕೆಳಗೆ.

ಈಗ ಒಂದು ಬಾಕ್ಸ್ ಮಾರಿದಾಗ ಮಾತ್ರ ಹುಟ್ಟುವ ಖರ್ಚುಗಳನ್ನು ಕಳೆಯೋಣ. ಮಾಲು ತರಿಸಿದ ಮತ್ತು ಕಳಿಸಿದ ಸಾಗಣೆ ಎರಡಕ್ಕೂ ಬಾಕ್ಸಿಗೆ 3. ಹುಡುಗರ ಕಮಿಷನ್ ನೂರಕ್ಕೆ 2, ಅಂದರೆ ನೀಲಿಗೆ 2.40, ನೇರಳೆಗೆ 3. ಮುಂದಿನದು ಬಹಳ ಜನ ಬಿಟ್ಟುಬಿಡುವ ಖರ್ಚು, ರ್ಯಾಕಿನಿಂದ ಮಾಲು ತೆಗೆದು ಪ್ಯಾಕ್ ಮಾಡುವುದು. ಇದು ಬಾಕ್ಸಿನ ಲೆಕ್ಕದಲ್ಲಿ ಬರುವುದಿಲ್ಲ, ಬಿಲ್ಲಿನ ಸಾಲಿನ ಲೆಕ್ಕದಲ್ಲಿ ಬರುತ್ತದೆ. ಹುಡುಗ ರ್ಯಾಕಿನವರೆಗೆ ನಡೆದು, ಹುಡುಕಿ, ಟಿಕ್ ಹಾಕಿ ಬರಬೇಕು. ಒಂದು ಬಾಕ್ಸ್ ತಂದರೂ ಆರು ಬಾಕ್ಸ್ ತಂದರೂ ನಡಿಗೆ ಅಷ್ಟೇ. ಒಂದು ಸಾಲಿಗೆ 6 ಖರ್ಚು ಅಂದುಕೊಳ್ಳಿ. ನೀಲಿಯನ್ನು ಗಿರಾಕಿಗಳು ಸರಾಸರಿ ಆರು ಬಾಕ್ಸ್ ಒಟ್ಟಿಗೆ ಕೇಳುತ್ತಾರೆ, ಹಾಗಾಗಿ ಬಾಕ್ಸಿಗೆ 1. ನೇರಳೆಯನ್ನು ಕೇಳುವುದು ಒಂದೊಂದೇ ಬಾಕ್ಸ್, ಹಾಗಾಗಿ ಪೂರ್ತಿ 6. ಕೊನೆಗೆ ವಾಪಸ್ ಬರುವ ಮಾಲು. ನೇರಳೆಯ 15 ಬಾಕ್ಸಿಗೆ ಒಂದು ಇಂಕ್ ಒಣಗಿದೆ ಅಂತ ತಿರುಗಿ ಬರುತ್ತದೆ, ಪೂರ್ತಿ 150 ವಾಪಸ್ ಕೊಡಬೇಕಾಗುತ್ತದೆ. ಆ ನಷ್ಟವನ್ನು ಹಂಚಿದರೆ ಮಾರಿದ ಪ್ರತಿ ಬಾಕ್ಸಿನ ಮೇಲೆ 10 ಬೀಳುತ್ತದೆ.

ಇಷ್ಟೆಲ್ಲ ಕಳೆದರೆ ನೀಲಿಯಲ್ಲಿ ಬಾಕ್ಸಿಗೆ 9.60 ಉಳಿಯುತ್ತದೆ, ನೇರಳೆಯಲ್ಲಿ 23. ಅಂತರ ಕಡಿಮೆಯಾಯಿತು, ಆದರೆ ನೇರಳೆಯೇ ಇನ್ನೂ ಮುಂದಿದೆ. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ.

ಈಗ ಓಟ ಸೇರಿಸಿ. ನೀಲಿ ತಿಂಗಳಿಗೆ 400 ಬಾಕ್ಸ್ ಹೋಗುತ್ತದೆ, ಉಳಿಕೆ 3,840. ನೇರಳೆ ತಿಂಗಳಿಗೆ 3 ಬಾಕ್ಸ್, ಉಳಿಕೆ 69. ಇದಕ್ಕಾಗಿ ರ್ಯಾಕಿನಲ್ಲಿ ಎಷ್ಟು ದುಡ್ಡು ಕೂತಿದೆ ನೋಡಿ. ನೀಲಿಯ ಸ್ಟಾಕ್ ಸರಾಸರಿ 250 ಬಾಕ್ಸ್, ಅಸಲಿನ ಲೆಕ್ಕದಲ್ಲಿ 26,000. ನೇರಳೆಯನ್ನು ಪೂರ್ತಿ ಕಾರ್ಟನ್ ತಗೊಂಡರೆ ಮಾತ್ರ ಕೊಡುತ್ತಾರೆ ಅಂತ 100 ಬಾಕ್ಸ್ ತರಿಸಿದ್ದಿರಿ, ಅದರಲ್ಲಿ 80 ಹಾಗೇ ಇದೆ, ಅಂದರೆ 8,400. ನೀಲಿಯಲ್ಲಿ ಕೂತ ಪ್ರತಿ ನೂರು ತಿಂಗಳಿಗೆ ಸುಮಾರು 15 ದುಡಿಯುತ್ತಿದೆ. ನೇರಳೆಯಲ್ಲಿ ಕೂತ ನೂರು ತಿಂಗಳಿಗೆ ಒಂದನ್ನೂ ದುಡಿಯುತ್ತಿಲ್ಲ. ಜೊತೆಗೆ ಆ 80 ಬಾಕ್ಸ್ ಖಾಲಿಯಾಗಲು ಎರಡು ವರ್ಷದ ಮೇಲೆ ಬೇಕು. ಅಷ್ಟರೊಳಗೆ ಜೆಲ್ ಇಂಕ್ ಒಣಗಲು ಶುರುವಾಗಿರುತ್ತದೆ, ರಿಟರ್ನ್ ಇನ್ನೂ ಏರುತ್ತದೆ.

ಕೇಳಿದ ಮಾಲು ಇರಲ್ಲ ಅಂದಿರಲ್ಲ, ಅದರ ಬೇರು ಇಲ್ಲೇ ಇದೆ. ಕಳೆದ ತಿಂಗಳು ನೀಲಿ ನಾಲ್ಕು ದಿನ ಖಾಲಿಯಾಗಿತ್ತು ಅಂದುಕೊಳ್ಳಿ. ವ್ಯಾಪಾರದ 26 ದಿನಗಳಲ್ಲಿ ಮಾಲು ಇದ್ದದ್ದು 22 ದಿನ, ಆ 22 ದಿನದಲ್ಲಿ 400 ಹೋಗಿದೆ. ದಿನಕ್ಕೆ 18ರ ಮೇಲೆ ಆಯಿತು. ನಾಲ್ಕು ದಿನಕ್ಕೆ ಸುಮಾರು 73 ಬಾಕ್ಸ್ ಕೈತಪ್ಪಿದೆ. ಉಳಿಕೆಯಲ್ಲಿ ಅದು ಸುಮಾರು 700. ನೇರಳೆ ಇಡೀ ತಿಂಗಳು ಕೊಟ್ಟದ್ದರ ಹತ್ತು ಪಟ್ಟು. ಸಪ್ಲೈಯರಿಗೆ ಕೊಡಲು ದುಡ್ಡು ಸಾಲದೆ ನೀಲಿಯ ಆರ್ಡರ್ ತಡವಾಗಿದ್ದರೆ, ಆ ದುಡ್ಡು ನೇರಳೆಯಂಥ ನೂರಾರು ಬಾಕ್ಸುಗಳಲ್ಲಿ ಸಿಕ್ಕಿಬಿದ್ದಿರುತ್ತದೆ.

ಇನ್ನು ಓಟವನ್ನು ಅಳೆಯುವ ಬಗೆ. ತಪ್ಪು ಜಾಸ್ತಿ ಆಗುವುದು ಇಲ್ಲಿ, ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಸಾಫ್ಟ್‌ವೇರ್ ಕೊಡುವ ತಿಂಗಳ ಸರಾಸರಿಯನ್ನು ಹಾಗೇ ನಂಬಬೇಡಿ. ಮೇಲೆ ನೀಲಿಗೆ ಮಾಡಿದ ಹಾಗೆ, ಮಾಲು ಇದ್ದ ದಿನಗಳಿಗೆ ಮಾತ್ರ ಭಾಗಿಸಿ. ಇಲ್ಲದಿದ್ದರೆ ಚೆನ್ನಾಗಿ ಓಡುವ ಮಾಲು ಸ್ಟಾಕ್ ಇಲ್ಲದ ಕಾರಣಕ್ಕೇ ನಿಧಾನ ಅಂತ ಕಾಣುತ್ತದೆ, ನೀವು ಅದನ್ನೇ ತೆಗೆದುಬಿಡುತ್ತೀರಿ. ಇದಕ್ಕೆ ಉಲ್ಟಾ ಕೂಡ ಆಗುತ್ತದೆ. ಒಂದು ಫೈಲು ವರ್ಷಕ್ಕೆ 60 ಬಂಡಲ್ ಹೋಗಿದೆ, ತಿಂಗಳಿಗೆ 5, ಪರವಾಗಿಲ್ಲ ಅನಿಸುತ್ತದೆ. ಬಿಲ್ ತೆರೆದು ನೋಡಿದರೆ ಅಷ್ಟೂ 60 ಒಂದೇ ಆಫೀಸಿಗೆ ಒಂದೇ ದಿನ ಹೋಗಿರುತ್ತದೆ. ಉಳಿದ ಹನ್ನೊಂದು ತಿಂಗಳು ಸೊನ್ನೆ. ಅದು ಸ್ಟಾಕ್ ಇಡುವ ಮಾಲೇ ಅಲ್ಲ. ಪಟ್ಟಿಯಲ್ಲಿ ಹೆಸರಿರಲಿ, ಆರ್ಡರ್ ಬಂದಾಗ ತರಿಸಿ ಕೊಡಿ. ಹಾಗಾಗಿ ಎಷ್ಟು ಹೋಯಿತು ಅನ್ನುವುದರ ಪಕ್ಕದಲ್ಲಿ ಇನ್ನೆರಡು ಅಂಕಿ ಬರೆದುಕೊಳ್ಳಿ: 12 ತಿಂಗಳಲ್ಲಿ ಎಷ್ಟು ತಿಂಗಳು ಮಾರಾಟವಾಗಿದೆ, ಎಷ್ಟು ಬೇರೆ ಬೇರೆ ಗಿರಾಕಿಗಳು ಕೊಂಡಿದ್ದಾರೆ.

12 ತಿಂಗಳು ಅಂದದ್ದಕ್ಕೆ ಕಾರಣವಿದೆ. ಕಂಪಾಸ್ ಬಾಕ್ಸ್, ಪುಸ್ತಕಕ್ಕೆ ಹಾಕುವ ಕಂದು ಕಾಗದ, ಹೆಸರು ಬರೆಯುವ ಲೇಬಲ್ ಇವೆಲ್ಲ ಶಾಲೆ ಶುರುವಾಗುವ ಹೊತ್ತಿಗೆ ಓಡಿ ಆಮೇಲೆ ಮಲಗುತ್ತವೆ. ಡೈರಿಯದೂ ಅದೇ ಕಥೆ. ಕೊನೆಯ ಮೂರು ತಿಂಗಳ ಮಾರಾಟ ನೋಡಿ ಇವುಗಳಿಗೆ ಕತ್ತರಿ ಹಾಕಿದರೆ ಮುಂದಿನ ಸೀಸನ್‌ನಲ್ಲಿ ಪೆಟ್ಟು ತಿನ್ನುತ್ತೀರಿ. ಇವನ್ನು ಬೇರೆ ಹಾಳೆಯಲ್ಲಿಟ್ಟು, ಇವುಗಳ ಕಳೆದ ಸೀಸನ್‌ನ ಓಟವನ್ನೇ ನೋಡಿ.

ನೇರಳೆಯ ತೀರ್ಪು ಸುಲಭ. ಕಷ್ಟ ಬರುವುದು ಕೆಂಪು ಮತ್ತು ಹಸಿರು ಪೆನ್ನಿನಲ್ಲಿ. ಕೆಂಪಿನ ಬೆಲೆ ನೀಲಿಯಷ್ಟೇ, ಆದರೆ ತಿಂಗಳಿಗೆ 30 ಬಾಕ್ಸ್ ಹೋಗುತ್ತದೆ. ಎರಡೆರಡೇ ಬಾಕ್ಸ್ ಕೇಳುವುದರಿಂದ ಪ್ಯಾಕಿಂಗ್ 3 ಬೀಳುತ್ತದೆ, ಬಾಕ್ಸಿಗೆ ಉಳಿಯುವುದು 7.60. ತಿಂಗಳಿಗೆ 228. ಸ್ಟಾಕ್ 60 ಬಾಕ್ಸ್ ಇದೆ, ಅಂದರೆ ಕೂತ ನೂರಕ್ಕೆ ನಾಲ್ಕೂ ಬರುತ್ತಿಲ್ಲ. ಹಸಿರು ಇನ್ನೂ ಕೆಳಗೆ, ತಿಂಗಳಿಗೆ 10 ಬಾಕ್ಸ್. ಅಂಕಿ ಮಾತ್ರ ನೋಡಿದರೆ ಎರಡೂ ಹೋಗಬೇಕು. ನಿಮ್ಮ ಹುಡುಗರು ಆಗ, ಕೆಂಪು ಇಲ್ಲದಿದ್ದರೆ ಗಿರಾಕಿ ನೀಲಿಯನ್ನೂ ಬೇರೆ ಕಡೆ ತಗೊಳ್ತಾನೆ ಅಂತಾರೆ. ಆ ಮಾತಿಗೆ ಬೆಲೆ ಕೊಡಬೇಕು. ಆದರೆ ಸುಮ್ನೆ ನಂಬಬಾರದು, ಪರೀಕ್ಷೆ ಮಾಡಬೇಕು.

ಕೆಂಪು ಇರುವ ಹತ್ತು ಬಿಲ್ಲಿನಲ್ಲಿ ಒಂಬತ್ತರಲ್ಲಿ ನೀಲಿಯೂ ಇದೆ ಅನ್ನುವುದು ಸಾಕ್ಷಿಯಲ್ಲ. ನೀಲಿ ಎಲ್ಲ ಬಿಲ್ಲಿನಲ್ಲೂ ಇರುವ ಮಾಲು, ಯಾವುದರ ಜೊತೆ ನೋಡಿದರೂ ಸಿಗುತ್ತದೆ. ನಿಜವಾದ ಸಾಕ್ಷಿ ನಿಮ್ಮ ಹಳೇ ಸ್ಟಾಕ್ ದಾಖಲೆಯಲ್ಲಿದೆ. ಹಿಂದೆ ಯಾವಾಗ ಕೆಂಪು ಒಂದು ವಾರಕ್ಕೂ ಜಾಸ್ತಿ ಖಾಲಿಯಾಗಿತ್ತು ಹುಡುಕಿ. ಕೆಂಪು ಕೊಳ್ಳುವ ಅಭ್ಯಾಸವಿರುವ ಗಿರಾಕಿಗಳ ಹೆಸರು ತೆಗೆಯಿರಿ. ಆ ವಾರಗಳಲ್ಲಿ ಅವರು ನೀಲಿ ಕೊಂಡರಾ ಇಲ್ಲವಾ ನೋಡಿ.

ನಾನು ಲೆಕ್ಕ ನೋಡಿಕೊಟ್ಟ ಒಬ್ಬ ಹೋಲ್‌ಸೇಲರ ಬಳಿ ಇದನ್ನು ಮಾಡಿದಾಗ, ಕೆಂಪು ಖಾಲಿಯಾಗಿದ್ದ ಎರಡೂ ಸಲ ಶಾಲೆಗಳಿಗೆ ಮಾಲು ಕೊಡುವ ಗಿರಾಕಿಗಳ ಇಡೀ ಬಿಲ್ಲೇ ಸಣ್ಣದಾಗಿತ್ತು. ಅವರಿಗೆ ಉತ್ತರಪತ್ರಿಕೆ ತಿದ್ದಲು ಕೆಂಪು ಬೇಕೇ ಬೇಕು. ಅದನ್ನು ಹುಡುಕಿಕೊಂಡು ಬೇರೆಯವರ ಬಳಿ ಹೋದವರು ಉಳಿದ ಪೆನ್ನನ್ನೂ ಅಲ್ಲೇ ತಂದಿದ್ದರು. ಹಸಿರು ಖಾಲಿಯಾಗಿದ್ದಾಗ ಮಾತ್ರ ಯಾರ ಬಿಲ್ಲಿನಲ್ಲೂ ಏನೂ ಬದಲಾಗಿರಲಿಲ್ಲ. ಅಲ್ಲಿ ಕೆಂಪು ಉಳಿಯಿತು, 60 ಬಾಕ್ಸ್ ಇದ್ದ ಸ್ಟಾಕನ್ನು 20ಕ್ಕೆ ಇಳಿಸಿ ತಿಂಗಳಿಗೆ ಎರಡು ಸಲ ತರಿಸಲು ಶುರು ಮಾಡಿದರು. ಹಸಿರು ಹೋಯಿತು. ಐಟಂ ಬಿಡುವುದಕ್ಕೂ ಸ್ಟಾಕ್ ಇಳಿಸುವುದಕ್ಕೂ ವ್ಯತ್ಯಾಸವಿದೆ. ಅರ್ಧಕ್ಕರ್ಧ ಐಟಂಗಳಿಗೆ ಎರಡನೆಯದೇ ಸಾಕಾಗುತ್ತದೆ ಅನ್ನುವುದು ನನ್ನ ಅನುಭವ.

ಇದೇ ದಾಖಲೆ ಇನ್ನೊಂದು ಪ್ರಶ್ನೆಗೂ ಉತ್ತರ ಕೊಡುತ್ತದೆ. ನೀಲಿಯಲ್ಲೇ 0.5 ಮಿ.ಮೀ. ಮೊನೆ, 0.7 ಮಿ.ಮೀ. ಮೊನೆ ಎರಡೂ ಇಟ್ಟಿದ್ದೀರಿ. 0.7 ಬಿಟ್ಟರೆ ಆ ಮಾರಾಟ ಪೂರ್ತಿ ಹೋಗುತ್ತದಾ? 0.7 ವಾರಕ್ಕೆ 40 ಬಾಕ್ಸ್ ಹೋಗುತ್ತಿತ್ತು, ಅದು ಖಾಲಿಯಾದ ವಾರ 0.5 ಇದ್ದಕ್ಕಿದ್ದಂತೆ 30 ಬಾಕ್ಸ್ ಜಾಸ್ತಿ ಹೋಗಿದೆ ಅಂದುಕೊಳ್ಳಿ. ಹಾಗಾದರೆ 0.7 ಬಿಟ್ಟಾಗ ನಿಜವಾಗಿ ಕಳೆದುಕೊಳ್ಳುವುದು 40ರ ಉಳಿಕೆ ಅಲ್ಲ, 10ರದು. ಒಂದು ಐಟಂ ಚೆನ್ನಾಗಿ ಓಡುತ್ತಿದ್ದರೂ ಅದರ ಜೋಡಿ ಐಟಂ ಆ ಗಿರಾಕಿಯನ್ನು ಹಿಡಿದಿಟ್ಟುಕೊಳ್ಳುತ್ತದೆ ಅಂತ ಗೊತ್ತಾದರೆ ಬಿಡಬಹುದು. ಹಾಗೆಯೇ ನಿಧಾನವಾಗಿ ಓಡಿದರೂ ಅದಕ್ಕೆ ಬದಲಿ ಇಲ್ಲದಿದ್ದರೆ ಯೋಚಿಸಬೇಕು. ಒಂದು ಅಳತೆಯ ಸ್ಟೇಪ್ಲರ್ ಪಿನ್ ಇಲ್ಲದಿದ್ದರೆ ಗಿರಾಕಿ ಇನ್ನೊಂದು ಅಳತೆಯದನ್ನು ಕೊಳ್ಳುವುದಿಲ್ಲ, ಅದು ಅವನ ಯಂತ್ರಕ್ಕೆ ಕೂರುವುದೇ ಇಲ್ಲ. ಆದರೆ ಒಂದೇ ಸಲದ ಖಾಲಿಯಿಂದ ತೀರ್ಮಾನಕ್ಕೆ ಬರಬೇಡಿ. ಆ ವಾರ ಶಾಲೆಗೆ ರಜೆ ಇದ್ದಿರಬಹುದು. ಎರಡು ಮೂರು ಸಲದ್ದು ಒಂದೇ ದಿಕ್ಕು ತೋರಿಸಿದರೆ ನಂಬಿ. ದಾಖಲೆಯಲ್ಲಿ ಅಂಥ ವಾರವೇ ಸಿಗದಿದ್ದರೆ, ಆ ಐಟಂ ಕೊಳ್ಳುವ ದೊಡ್ಡ ಗಿರಾಕಿಗಳು ನಾಲ್ಕೈದು ಜನಕ್ಕೆ ನೀವೇ ಫೋನ್ ಮಾಡಿ, ಇದು ಇಲ್ಲದಿದ್ದರೆ ಏನು ತಗೊಳ್ತೀರಿ ಅಂತ ಕೇಳಿ. ಇದು ಬೇಕಾ ಅಂತ ಕೇಳಬೇಡಿ. ಬೇಕಾ ಅಂದರೆ ಎಲ್ಲರೂ ಬೇಕು ಅಂತಲೇ ಹೇಳುತ್ತಾರೆ.

ಲೆಕ್ಕದವರ ಹಾಳೆಯಲ್ಲಿ ಇನ್ನೊಂದು ಕಡೆ ಎಚ್ಚರ ಬೇಕು. ಗೋಡೌನ್ ಬಾಡಿಗೆ, ಆಫೀಸಿನ ಸಂಬಳ, ಕರೆಂಟು ಇವನ್ನೆಲ್ಲ ಎಲ್ಲ ಐಟಂಗಳ ಮೇಲೆ ಹಂಚಿದ್ದರೆ ಆ ಕಾಲಂ ಅಳಿಸಿಬಿಡಿ. ಹಸಿರು ಪೆನ್ನು ಬಿಟ್ಟ ಮಾತ್ರಕ್ಕೆ ಬಾಡಿಗೆ ಕಡಿಮೆಯಾಗುವುದಿಲ್ಲ. ಅದರ ಪಾಲಿನ ಬಾಡಿಗೆ ಉಳಿದವುಗಳ ತಲೆ ಮೇಲೆ ಬೀಳುತ್ತದೆ. ಆಗ ನಿನ್ನೆಯವರೆಗೆ ಲಾಭದಲ್ಲಿದ್ದ ಇನ್ನಷ್ಟು ಐಟಂ ನಷ್ಟದಲ್ಲಿ ಕಾಣುತ್ತವೆ, ಅವನ್ನೂ ತೆಗೆಯುತ್ತೀರಿ. ಒಳ್ಳೆಯ ಪಟ್ಟಿಗಳು ಹೀಗೆ ಬರಿದಾದದ್ದನ್ನು ನೋಡಿ ನನಗೆ ನೋವಾಗಿದೆ. ಐಟಂ ಬಿಟ್ಟರೆ ನಿಂತುಹೋಗುವ ಖರ್ಚನ್ನು ಮಾತ್ರ ಅದರ ಮೇಲೆ ಹಾಕಿ.

ಹಾಗಾದರೆ ಪ್ಯಾಕ್ ಮಾಡುವ ಹುಡುಗರ ಕೂಲಿಯನ್ನು ಯಾಕೆ ಹಾಕಿದ್ದು ಅಂತ ಕೇಳಬಹುದು. ಅವರು ದಿನಗೂಲಿಯವರಾಗಿದ್ದರೆ, ಅಥವಾ ಸಂಜೆ ಬಿಲ್ಲು ಮುಗಿಯದೆ ಓವರ್‌ಟೈಮ್ ಕೊಡುತ್ತಿದ್ದರೆ ಅದು ನಿಜವಾದ ಖರ್ಚು, ಹಾಕಲೇಬೇಕು. ತಿಂಗಳ ಸಂಬಳದವರಾಗಿದ್ದು ಮಧ್ಯಾಹ್ನ ಸುಮ್ಮನೆ ಕೂರುವಷ್ಟು ಬಿಡುವಿದ್ದರೆ ಹಾಕಬೇಡಿ. ಜಾಗದ ಲೆಕ್ಕವೂ ಹೀಗೆಯೇ. ಗೋಡೌನ್ ತುಂಬಿಹೋಗಿದೆ ಅಂದಿದ್ದೀರಿ, ಹಾಗಾಗಿ ನಿಮಗೆ ಜಾಗಕ್ಕೂ ಬೆಲೆ ಇದೆ. ಪೆನ್ನಿನಲ್ಲಿ ಇದು ಗೊತ್ತಾಗುವುದಿಲ್ಲ. ಚಾರ್ಟ್ ಪೇಪರ್, ಬಾಕ್ಸ್ ಫೈಲ್, ಥರ್ಮೋಕೋಲ್ ಹಾಳೆಗಳ ಗುಂಪಿಗೆ ಬಂದಾಗ, ಕೂತ ದುಡ್ಡಿಗೆ ಎಷ್ಟು ಅನ್ನುವುದರ ಜೊತೆಗೆ ರ್ಯಾಕಿನ ಒಂದು ಖಾನೆಗೆ ತಿಂಗಳಿಗೆ ಎಷ್ಟು ಉಳಿಕೆ ಅನ್ನುವುದನ್ನೂ ಬರೆಯಿರಿ. ಅಗ್ಗದ ದಪ್ಪ ಮಾಲು ದುಡ್ಡಿನ ಲೆಕ್ಕದಲ್ಲಿ ಪಾಸಾಗಿ ಜಾಗದ ಲೆಕ್ಕದಲ್ಲಿ ಫೇಲಾಗುವುದು ಆಗಾಗ ಕಾಣುತ್ತದೆ.

ಕತ್ತರಿ ಹಾಕುವ ಮುಂಚೆ ಸಪ್ಲೈಯರ್ ಕೊಡುವ ವರ್ಷದ ಸ್ಕೀಮನ್ನು ಒಮ್ಮೆ ಓದಿ. ಒಟ್ಟು ಖರೀದಿ ಇಷ್ಟು ದಾಟಿದರೆ ಇಷ್ಟು ರಿಬೇಟ್ ಅಂತ ಇದ್ದರೆ, ಒಂದೇ ಕಂಪನಿಯ ಹತ್ತು ಐಟಂ ಬಿಟ್ಟಾಗ ನೀವು ಆ ಗೆರೆಗಿಂತ ಕೆಳಗೆ ಜಾರಬಹುದು. ಆಗ ಉಳಿಸಿಕೊಂಡ ಪೆನ್ನಿನ ರಿಬೇಟೂ ಹೋಗುತ್ತದೆ. ಮೊದಲೇ ಕಂಪನಿಯವರ ಜೊತೆ ಕೂತು, ಬಿಡುವ ಐಟಂನಷ್ಟೇ ಮೊತ್ತವನ್ನು ಓಡುವ ಐಟಂನಲ್ಲಿ ತಗೊಳ್ತೀನಿ ಅಂತ ಮಾತಾಡಿ. ನಿಂತ ಮಾಲನ್ನು ಬದಲಾಯಿಸಿಕೊಡಿ ಅಂತ ಕೇಳಲೂ ಅದೇ ಸರಿಯಾದ ಸಮಯ. ಖರೀದಿ ನಿಲ್ಲಿಸಿದ ಮೇಲೆ ಕೇಳಿದರೆ ನಿಮ್ಮ ಮಾತಿಗೆ ತೂಕ ಇರುವುದಿಲ್ಲ.

ಬಿಡುವುದು ಅಂತ ತೀರ್ಮಾನವಾದ ಐಟಂಗೆ ಮೊದಲ ಕೆಲಸ ಸಾಫ್ಟ್‌ವೇರಿನಲ್ಲಿ ಖರೀದಿಯನ್ನು ಬಂದ್ ಮಾಡುವುದು. ಮಾರಾಟ ತೆರೆದೇ ಇರಲಿ. ಎಷ್ಟೋ ಕಡೆ ಪಟ್ಟಿಯಿಂದ ಹೆಸರು ಅಳಿಸುತ್ತಾರೆ, ಮಾಲು ರ್ಯಾಕಿನಲ್ಲೇ ಉಳಿಯುತ್ತದೆ, ಯಾರೂ ಮಾರುವುದಿಲ್ಲ. ಆಮೇಲೆ ಬೆಲೆ. 105ಕ್ಕೆ ಕೊಂಡ ನೇರಳೆಯನ್ನು 80ಕ್ಕೆ ಮಾರಲು ಮನಸ್ಸು ಬರುವುದಿಲ್ಲ, ಅಲ್ವಾ? ಆದರೆ 105 ಆಗಲೇ ಖರ್ಚಾಗಿಹೋಗಿದೆ. ಈಗಿನ ಪ್ರಶ್ನೆ, ಇವತ್ತು 80 ಒಳ್ಳೆಯದಾ, ಎರಡು ವರ್ಷ ಕಾದು ಒಣಗಿದ ಪೆನ್ನು ಒಳ್ಳೆಯದಾ ಅನ್ನುವುದು ಮಾತ್ರ. 80 ಬಾಕ್ಸಿಗೆ 6,400 ಬಂದರೆ ಅದರಲ್ಲಿ ನೀಲಿಯ 60 ಬಾಕ್ಸ್ ಬರುತ್ತದೆ. ಒಂದು ಮಾತು ಮಾತ್ರ ನೆನಪಿರಲಿ. ನೀಲಿ ಖಾಲಿಯಾಗುತ್ತಿದ್ದರೆ ಮಾತ್ರ ಇದರಿಂದ ಲಾಭ. ನೀಲಿ ಯಾವಾಗಲೂ ಇದ್ದೇ ಇರುತ್ತದೆ ಅಂದರೆ ಇನ್ನೂ 60 ತಂದಿಟ್ಟರೆ ಮಾರಾಟವೇನೂ ಏರುವುದಿಲ್ಲ. ಆಗ ಆ ದುಡ್ಡಲ್ಲಿ ಸಾಲ ತೀರಿಸಿ.

ಹುಡುಗರ ಕಮಿಷನ್ನಿನ ಬಗ್ಗೆಯೂ ಒಂದು ಮಾತು. ಅವರಿಗೆ ಮಾರಾಟದ ಮೊತ್ತದ ಮೇಲೆ ಕಮಿಷನ್ ಇರುವವರೆಗೆ ಪಟ್ಟಿ ಉದ್ದವಾಗಿದ್ದಷ್ಟೂ ಅವರಿಗೆ ಒಳ್ಳೆಯದು. ಅದು ಅವರ ತಪ್ಪಲ್ಲ. ಮೂರು ತಿಂಗಳ ಮಟ್ಟಿಗೆ ನಿಂತ ಮಾಲು ಖಾಲಿ ಮಾಡಿದ್ದಕ್ಕೆ ಬೇರೆ ಕಮಿಷನ್ ಕೊಡಿ. ಬೇಡ ಅಂದಿದ್ದ ಅವರೇ ಅದನ್ನು ಗಿರಾಕಿಗಳಿಗೆ ದಾಟಿಸಿ ಬರುತ್ತಾರೆ.

ಮೊದಲ ಸುತ್ತಿನಲ್ಲಿ ಪೆನ್ನಿನ ಗುಂಪು ಒಂದನ್ನೇ ಮುಗಿಸಿ ಎಂಟು ವಾರ ಕಾಯಿರಿ. ಆ ಎಂಟು ವಾರ ಬಿಲ್ ಮಾಡುವ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಡಿ. ಗಿರಾಕಿ ಕೇಳಿದ್ದು, ನಾವು ಇಲ್ಲ ಅಂದದ್ದು, ಬದಲಿಗೆ ಅವರು ಏನು ತಗೊಂಡರು ಅನ್ನುವುದನ್ನು ಅದರಲ್ಲಿ ಬರೆಸಿ. ಪೆನ್ನಿನ ಗುಂಪಿನ ಒಟ್ಟು ಉಳಿಕೆಯನ್ನು ವಾರ ವಾರ ನೋಡಿ, ಒಂದೊಂದು ಐಟಂನದಲ್ಲ. ಹಿಂದಿನ ವರ್ಷದ ಇದೇ ವಾರಗಳ ಜೊತೆ ಹೋಲಿಸಿ. ಒಟ್ಟು ಉಳಿಕೆ ನಿಂತಲ್ಲೇ ನಿಂತು ಸ್ಟಾಕಿನಲ್ಲಿ ಕೂತ ದುಡ್ಡು ಇಳಿದಿದ್ದರೆ ನೋಟ್‌ಬುಕ್ ವಿಭಾಗಕ್ಕೆ ಹೋಗಿ. ನೋಟ್‌ಬುಕ್ಕಿನಲ್ಲೂ ಗೆರೆ, ಪುಟ, ಅಳತೆ ಅಂತ ಪೆನ್ನಿನ ಹಾಗೆಯೇ ಕವಲುಗಳಿರುತ್ತವೆ. ಇಲ್ಲ ಅಂತ ಬರೆದ ಹಾಳೆಯಲ್ಲಿ ಒಂದೇ ಐಟಂ ಐದಾರು ಬೇರೆ ಗಿರಾಕಿಗಳ ಹೆಸರಿನಲ್ಲಿ ಬಂದಿದ್ದರೆ, ಬದಲಿ ಕಾಲಂ ಖಾಲಿ ಇದ್ದರೆ, ಅದನ್ನು ವಾಪಸ್ ತನ್ನಿ. ಈ ಸಲ ಕಾರ್ಟನ್ ಲೆಕ್ಕದಲ್ಲಿ ಬೇಡ, ಸಣ್ಣ ಲಾಟ್ ಕೊಡುವವರ ಬಳಿ ಒಂದೆರಡು ಕಾಸು ಜಾಸ್ತಿಯಾದರೂ ಸರಿ, ತಿಂಗಳಿಗೆ ಆಗುವಷ್ಟೇ ತರಿಸಿ.